"ಇದು ಯಾರ ಮನೆ?": ಒಂದು ಹೋಮ್‌ಸ್ಟೇ ವಿಡಿಯೋಗೆ ಮಾತು ಬರೆದದ್ದು

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ಮುಖ್ಯರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ಒಂದು ಹಳೆಯ ತೊಟ್ಟಿಮನೆ ಇದೆ. ಸುತ್ತ ಅಡಿಕೆ ತೋಟ, ಹಿಂದೆ ಗುಡ್ಡ. ಮನೆಯವರು ಮೂರು ಕೋಣೆಗಳನ್ನು ಹೋಮ್‌ಸ್ಟೇಗೆ ಬಿಟ್ಟಿದ್ದಾರೆ. ಅದಕ್ಕೊಂದು ಮೂರು ನಿಮಿಷದ ವಿಡಿಯೋ ಮಾಡಿಸಿದ್ದರು. ಚಿತ್ರ ತೆಗೆದವರು ಬೆಂಗಳೂರಿನ ಇಬ್ಬರು ಹುಡುಗರು. ಅದರ ಹಿನ್ನೆಲೆ ಮಾತು ಬರೆಯುವ ಕೆಲಸ ನನಗೆ ಬಂತು.

ನಾನು ಈ ಕೆಲಸ ಮಾಡುತ್ತಾ ಬಹಳ ವರ್ಷವಾಯಿತು. ಹಾಗಾಗಿ ಮೊದಲ ಸಲ ಊರಿಗೆ ಹೋಗಲೇ ಇಲ್ಲ. ಹುಡುಗರು ಕಳಿಸಿದ ತುಣುಕುಗಳನ್ನು ಮನೆಯಲ್ಲೇ ಕೂತು ನೋಡಿದೆ. ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಅದರ ಶುರು ಹೀಗಿತ್ತು:

"ಪ್ರಕೃತಿಯ ಮಡಿಲಲ್ಲಿ, ಹಚ್ಚಹಸಿರಿನ ನಡುವೆ, ಪ್ರಶಾಂತ ಹಾಗೂ ನಯನಮನೋಹರ ಪರಿಸರದಲ್ಲಿ ನೆಲೆಸಿರುವ, ನೂರು ವರ್ಷಗಳ ಇತಿಹಾಸವುಳ್ಳ, ವಿಶಾಲವಾದ, ಸುಂದರವಾದ ಮಲೆನಾಡಿನ ಸಾಂಪ್ರದಾಯಿಕ ತೊಟ್ಟಿಮನೆಗೆ ನಿಮಗೆ ಆತ್ಮೀಯ ಸ್ವಾಗತ."

ದನಿ ಕಲಾವಿದರು ಗಂಟಲು ಸರಿಮಾಡಿಕೊಂಡು ಚೆನ್ನಾಗಿಯೇ ಓದಿದರು. ಕೊಳಲಿನ ಸಂಗೀತ ಸೇರಿತು. ಮನೆಯ ಯಜಮಾನರು ನೋಡಿ, "ಚೆನ್ನಾಗಿದೆ ಮೇಡಂ" ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ಫೋನಲ್ಲಿ ಹಾಕಿ ಕೇಳಿಸಿದೆ. ಅವರಿಗೆ ಕಣ್ಣು ಅಷ್ಟು ಕಾಣುವುದಿಲ್ಲ. ಕೇಳಿ, 'ಇದು ಯಾರ ಮನೆ?' ಅಂದರು" ಎಂದರು.

ಅವರು ದೂರು ಹೇಳಲಿಲ್ಲ, ನಡೆದದ್ದನ್ನು ಹೇಳಿದರು ಅಷ್ಟೇ. ಆದರೆ ಆ ರಾತ್ರಿ ನಾನು ಬರೆದದ್ದನ್ನು ಮತ್ತೆ ತೆಗೆದು ಓದಿದೆ. ಚಿತ್ರ ಮುಚ್ಚಿಟ್ಟು ಬರೀ ಮಾತು ಕೇಳಿದೆ. 'ಮಲೆನಾಡು' ತೆಗೆದು 'ಕೊಡಗು' ಅಂತ ಹಾಕಿದೆ, ಒಂದು ಅಕ್ಷರವೂ ತೊಂದರೆ ಕೊಡಲಿಲ್ಲ. 'ತೊಟ್ಟಿಮನೆ' ತೆಗೆದು 'ರೆಸಾರ್ಟ್' ಹಾಕಿದೆ, ಆಗಲೂ ಸರಿಹೋಯಿತು. ಎಂಬತ್ತು ದಾಟಿದ ಆ ತಾಯಿ ಮದುವೆಯಾಗಿ ಬಂದಾಗಿನಿಂದ ಅದೇ ಮನೆಯಲ್ಲಿದ್ದಾರೆ. ಅವರು ಗುರುತು ಹಿಡಿಯುವಂಥ ಒಂದು ವಸ್ತುವೂ ನನ್ನ ಮಾತಿನಲ್ಲಿ ಇರಲಿಲ್ಲ. ಇನ್ನೊಂದು ಸಲ ಬರೆದುಕೊಡುತ್ತೇನೆ, ದುಡ್ಡು ಬೇಡ, ಎರಡು ದಿನ ನಿಮ್ಮ ಮನೆಯಲ್ಲಿ ಇರಲು ಬಿಡಿ ಅಂತ ಕೇಳಿಕೊಂಡೆ.

ವಿಶೇಷಣ ಜಾಸ್ತಿಯಾದರೆ ಬೇಜಾರು ಅಂತ ಎಲ್ಲರೂ ಹೇಳುತ್ತಾರೆ. ಕನ್ನಡದಲ್ಲಿ, ಅದೂ ಕಿವಿಯಲ್ಲಿ ಕೇಳುವ ಕನ್ನಡದಲ್ಲಿ, ಅದಕ್ಕೆ ಬೇರೆಯೇ ಒಂದು ಕಾರಣ ಇದೆ. ನಮ್ಮ ಭಾಷೆಯಲ್ಲಿ ವಸ್ತುವಿನ ಹೆಸರು ಕೊನೆಗೆ ಬರುತ್ತದೆ, ಅದರ ಗುಣಗಳೆಲ್ಲ ಮೊದಲು ಬರುತ್ತವೆ. 'ಪ್ರಶಾಂತ' ಕೇಳುತ್ತದೆ, ಯಾವುದು ಪ್ರಶಾಂತ ಅಂತ ಇನ್ನೂ ಗೊತ್ತಿಲ್ಲ. 'ನೂರು ವರ್ಷಗಳ' ಕೇಳುತ್ತದೆ, ಯಾವುದಕ್ಕೆ ನೂರು ವರ್ಷ ಅಂತ ಗೊತ್ತಿಲ್ಲ. ಕೇಳುವವರು ಆರೇಳು ಗಂಟುಗಳನ್ನು ತಲೆ ಮೇಲೆ ಹೊತ್ತು ನಿಂತಿರುತ್ತಾರೆ. ಎಲ್ಲಿ ಇಳಿಸಬೇಕು ಅಂತ ತಿಳಿಯುವ ಹೊತ್ತಿಗೆ ಅರ್ಧ ಬಿದ್ದುಹೋಗಿರುತ್ತದೆ. ಪುಸ್ತಕದಲ್ಲಾದರೆ ಕಣ್ಣು ಹಿಂದೆ ಹೋಗಿ ನೋಡಿ ಬರಬಹುದು. ಕಿವಿಗೆ ಆ ಸೌಲಭ್ಯ ಇಲ್ಲ.

ಹಾಗಾಗಿ ಮೊದಲು ಹೆಸರು ಹೇಳಿಬಿಡಬೇಕು. ಆಮೇಲೆ ಸಣ್ಣ ವಾಕ್ಯಗಳಲ್ಲಿ ಒಂದೊಂದೇ ವಿಷಯ ಕೊಡಬೇಕು. "ಇದು ಹಲಸಿನ ಕಂಬ." ಅಲ್ಲಿಗೆ ನಿಂತೆವು. ಕೇಳಿದವರ ಮನಸ್ಸಿನಲ್ಲಿ ಕಂಬ ನಿಂತಾಯಿತು. ಇನ್ನು ಅದಕ್ಕೆ ಏನು ಬೇಕಾದರೂ ಒರಗಿಸಬಹುದು.

ನಾನು ಹೋಗಿದ್ದು ಡಿಸೆಂಬರ್‌ನಲ್ಲಿ. ಅಡಿಕೆಯ ಕೊನೆಕೊಯ್ಲು ಜೋರಾಗಿ ನಡೆಯುತ್ತಿತ್ತು. ಮೊದಲ ದಿನ ಮಧ್ಯಾಹ್ನದವರೆಗೆ ಫೋನ್ ತೆಗೆಯಬಾರದು ಅಂತ ಮೊದಲೇ ನಿರ್ಧರಿಸಿದ್ದೆ. ಕ್ಯಾಮೆರಾ ಕೈಯಲ್ಲಿದ್ದರೆ ಕಣ್ಣೊಂದೇ ಕೆಲಸ ಮಾಡುತ್ತದೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಒಂದೊಂದು ಜಾಗದಲ್ಲಿ ಸುಮ್ನೆ ಕೂತೆ. ಜಗಲಿಯಲ್ಲಿ ಸ್ವಲ್ಪ ಹೊತ್ತು, ಅಂಗಳದ ಕಟ್ಟೆ ಮೇಲೆ ಸ್ವಲ್ಪ ಹೊತ್ತು, ಅಡುಗೆಮನೆ ಬಾಗಿಲಲ್ಲಿ, ಬಚ್ಚಲಿನಲ್ಲಿ. ಬರೆದುಕೊಳ್ಳಲು ಒಂದೇ ನಿಯಮ ಇಟ್ಟುಕೊಂಡಿದ್ದೆ: ಪ್ರತಿ ಸಾಲಿನಲ್ಲೂ ಯಾರಾದರೂ ಅಥವಾ ಏನಾದರೂ ಒಂದು ಕೆಲಸ ಮಾಡುತ್ತಿರಬೇಕು. 'ತಂಪಾದ ನೆಲ' ಅಂತ ಬರೆಯುವ ಹಾಗಿಲ್ಲ. 'ಚಪ್ಪಲಿ ಬಿಟ್ಟು ಕಾಲಿಟ್ಟೆ, ಬೆರಳು ಮಡಚಿಕೊಂಡವು' ಅಂತ ಬರೆಯಬಹುದು.

ಎರಡು ದಿನದಲ್ಲಿ ಹದಿನೆಂಟು ಪುಟ ತುಂಬಿತು. ವಿಡಿಯೋದಲ್ಲಿ ಉಳಿದದ್ದು ಒಂದು ಪುಟಕ್ಕಿಂತ ಕಡಿಮೆ. ಆ ಪೈಕಿ ಎರಡು ಜಾಗಗಳ ವಿಷಯ ವಿವರವಾಗಿ ಹೇಳುತ್ತೇನೆ.

ಮೊದಲನೆಯದು ಬಚ್ಚಲು. ಹುಡುಗರು ಅದನ್ನು ಬಹಳ ಚೆಂದವಾಗಿ ಚಿತ್ರ ತೆಗೆದಿದ್ದರು. ತಾಮ್ರದ ಹಂಡೆ, ಕೆಳಗೆ ಬೆಂಕಿ, ಗಾಜಿನ ಹೆಂಚಿನಿಂದ ಇಳಿಯುವ ಬೆಳಕಿನ ಕೋಲು, ಅದರಲ್ಲಿ ಹೊಗೆ. ನನ್ನ ಹಳೆಯ ಮಾತು: "ಸಾಂಪ್ರದಾಯಿಕ ತಾಮ್ರದ ಹಂಡೆಯ ಬಿಸಿನೀರಿನ ಆಹ್ಲಾದಕರ ಸ್ನಾನ." ಚಿತ್ರದಲ್ಲಿ ಹಂಡೆ ಕಾಣುತ್ತಿದೆ, ತಾಮ್ರ ಕಾಣುತ್ತಿದೆ, ಹಳೆಯದು ಅಂತಲೂ ಕಾಣುತ್ತಿದೆ. ಉಳಿದದ್ದು 'ಆಹ್ಲಾದಕರ'. ಅದು ನೋಡುವವರು ತಾವೇ ಹೇಳಬೇಕಾದ ಮಾತು, ಅವರ ಪರವಾಗಿ ನಾನು ಹೇಳಿದರೆ ಯಾರು ನಂಬುತ್ತಾರೆ?

ಕ್ಯಾಮೆರಾಗೆ ಕಾಣಿಸದ್ದು ಏನು ಅಂತ ನೋಡೋಣ. ಬೆಳಗ್ಗೆ ಆರೂವರೆಗೆ ಬಚ್ಚಲಿಗೆ ಹೋದೆ. ಒಲೆಗೆ ಸೌದೆಯ ಜೊತೆ ಒಣಗಿದ ಅಡಿಕೆ ಸಿಪ್ಪೆ ಹಾಕಿದ್ದರು. ಸಿಪ್ಪೆ ಹೊತ್ತಿಕೊಳ್ಳುವ ಮೊದಲು ದಟ್ಟ ಹೊಗೆ ಬಿಡುತ್ತದೆ. ಹೊಗೆ ಎತ್ತರಕ್ಕೆ ಹೋಗಿ ಹೆಂಚಿನ ಸಂದಿಯಲ್ಲಿ ಹೊರಬೀಳುತ್ತದೆ, ಒಂದಿಷ್ಟು ಒಳಗೇ ಉಳಿಯುತ್ತದೆ. ಹಂಡೆಯ ಹಿಂದಿನ ಗೋಡೆ ಕಪ್ಪಾಗಿ ಮಿರಿಮಿರಿ ಅನ್ನುತ್ತದೆ. ತಂಬಿಗೆಯಲ್ಲಿ ಮೊದಲ ನೀರು ಹೊಯ್ದುಕೊಂಡಾಗ ಬೆನ್ನಿಗೆ ಬಿಸಿ, ಪಾದಕ್ಕೆ ಮಾತ್ರ ಕಲ್ಲುಹಾಸಿನ ಚಳಿ. ಮೂರನೇ ತಂಬಿಗೆ ಹೊತ್ತಿಗೆ ಹಾಸುಗಲ್ಲೂ ಬೆಚ್ಚಗಾಗುತ್ತದೆ. ಇದನ್ನೆಲ್ಲ ಬರೆದುಕೊಂಡೆ. ಆದರೆ ನನಗೆ ಬೇಕಾಗಿದ್ದು ಸಿಕ್ಕಿದ್ದು ಮಧ್ಯಾಹ್ನ. ಊಟಕ್ಕೆ ಕೂತಾಗ ಕೂದಲು ಮುಖದ ಮೇಲೆ ಬಿತ್ತು. ಕೂದಲಲ್ಲಿ ಹೊಗೆ ವಾಸನೆ ಹಾಗೇ ಇತ್ತು.

ಹೊಸ ಮಾತು ಹೀಗಾಯಿತು: "ಒಲೆಗೆ ಹಾಕಿದ್ದು ಅಡಿಕೆ ಸಿಪ್ಪೆ. ಬೆನ್ನಿಗೆ ಬಿಸಿನೀರು ಬಿದ್ದಾಗ ಪಾದದ ಕೆಳಗಿನ ಕಲ್ಲು ಇನ್ನೂ ತಣ್ಣಗಿರುತ್ತದೆ. ಮಧ್ಯಾಹ್ನ ಊಟಕ್ಕೆ ಕೂತಾಗಲೂ ನಿಮ್ಮ ಕೂದಲಲ್ಲಿ ಈ ಹೊಗೆ ಇರುತ್ತದೆ."

ಇದರಲ್ಲಿ 'ಹಂಡೆ' ಅನ್ನುವ ಪದವೇ ಇಲ್ಲ. ಬೇಕಾಗಿಲ್ಲ, ಅದು ಚಿತ್ರದಲ್ಲಿದೆ. ಚಿತ್ರ ಕಣ್ಣಿಗೆ ಕೊಟ್ಟಿದ್ದನ್ನು ಬಿಟ್ಟು ಮೂಗಿಗೆ, ಚರ್ಮಕ್ಕೆ ಏನಿದೆ ಅಂತ ಮಾತು ಹೇಳಬೇಕು. ಚಿತ್ರಕ್ಕೆ ಆಗದ ಇನ್ನೊಂದು ಕೆಲಸವನ್ನೂ ಮಾತು ಮಾಡಬಲ್ಲದು, ಹೊತ್ತು ದಾಟಿ ಹೋಗಬಲ್ಲದು. ಬೆಳಗಿನ ಬಚ್ಚಲನ್ನು ತೋರಿಸುತ್ತಲೇ ಮಧ್ಯಾಹ್ನದ ಊಟದ ಮನೆಗೆ ಕರೆದುಕೊಂಡು ಹೋದದ್ದು ಹಾಗೆ.

ಎಡಿಟ್ ಮಾಡುವ ಹುಡುಗ ಕೇಳಿದ: "ಅಕ್ಕ, ಕೂದಲಲ್ಲಿ ಹೊಗೆ ವಾಸನೆ ಅಂದರೆ ಜನಕ್ಕೆ ಇಷ್ಟ ಆಗುತ್ತಾ?" ಕೆಲವರಿಗೆ ಆಗುವುದಿಲ್ಲ. ಹೊಗೆ ಅಂದರೆ ಕೆಮ್ಮು ಬರುವವರು ಇದ್ದಾರೆ. ಅವರಿಗೆ ಮೊದಲೇ ಗೊತ್ತಾಗುವುದು ಒಳ್ಳೆಯದು ಅಲ್ವಾ? ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದ ಮೇಲೆ ಗೊತ್ತಾದರೆ ಅವರಿಗೂ ಕಷ್ಟ, ಮನೆಯವರಿಗೂ ಕಷ್ಟ.

ಎರಡನೆಯದು ರಾತ್ರಿ. 'ಪ್ರಶಾಂತ' ಅನ್ನುವ ಪದವನ್ನು ಹಳೆಯ ಬರಹದಲ್ಲಿ ಮೂರು ಸಲ ಬಳಸಿದ್ದೆ. ನಿಶ್ಶಬ್ದವನ್ನು ಹಾಗೆ ಹೇಳಿ ಕೇಳಿಸಲು ಆಗುವುದಿಲ್ಲ. ಒಂದು ಜಾಗ ಎಷ್ಟು ಮೌನವಾಗಿದೆ ಅಂತ ತಿಳಿಯಬೇಕಾದರೆ ಅಲ್ಲಿ ಎಷ್ಟು ಸಣ್ಣ ಸದ್ದು ಕಿವಿಗೆ ಬೀಳುತ್ತದೆ ಅಂತ ಹೇಳಬೇಕು.

ರಾತ್ರಿ ಊಟ ಆದ ಮೇಲೆ ಹೊರ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದರು. ಆರೇಳು ಹೆಂಗಸರು, ಪ್ರತಿಯೊಬ್ಬರ ಮುಂದೆ ಒಂದು ಮೆಟ್ಟುಗತ್ತಿ. ಹಸಿ ಅಡಿಕೆಯನ್ನು ಕತ್ತಿಗೆ ಒತ್ತಿ ತಿರುಗಿಸಿದರೆ ಸಿಪ್ಪೆ ಬಿಚ್ಚಿಕೊಳ್ಳುತ್ತದೆ. ಸಿಪ್ಪೆ ಒಂದು ಕಡೆ, ಬೆಳ್ಳಗಿನ ಅಡಿಕೆ ಮುಂದಿನ ಡಬ್ಬಕ್ಕೆ. ಡಬ್ಬ ಖಾಲಿ ಇದ್ದಾಗ 'ಟಣ್' ಅನ್ನುತ್ತದೆ. ತಳ ಮುಚ್ಚಿದ ಮೇಲೆ ಸದ್ದು ಮೆತ್ತಗಾಗುತ್ತದೆ, ಅಡಿಕೆ ಮೇಲೆ ಅಡಿಕೆ ಬೀಳುವ ಸದ್ದು. ನಾನು ಒಳಕೋಣೆಯಲ್ಲಿ ಮಲಗಿದ್ದೆ, ನಡುವೆ ಒಂದು ಅಂಗಳ, ಎರಡು ಗೋಡೆ. ಅಷ್ಟು ದೂರಕ್ಕೂ ಯಾರ ಡಬ್ಬ ತುಂಬಿತು, ಯಾರು ಹೊಸ ಡಬ್ಬ ಇಟ್ಟುಕೊಂಡರು ಅಂತ ಕೇಳುತ್ತಿತ್ತು. ನಗು ಕೇಳುತ್ತಿತ್ತು, ಮಾತು ಅರ್ಥವಾಗುತ್ತಿರಲಿಲ್ಲ.

ಬರೆದದ್ದು ಇಷ್ಟು: "ದೀಪ ಆರಿಸಿ. ಅಂಗಳದ ಆಚೆ ಅಡಿಕೆ ಸುಲಿಯುತ್ತಿದ್ದಾರೆ. ಡಬ್ಬ ತುಂಬುತ್ತಾ ಬಂದ ಹಾಗೆ ಸದ್ದು ಇಳಿಯುತ್ತದೆ. ಇಲ್ಲಿಂದ ಎಣಿಸಬಹುದು."

ಆಮೇಲೆ ಆರು ಸೆಕೆಂಡು ಮಾತಿಲ್ಲ. ಬರೀ ಡಬ್ಬದ ಸದ್ದು. ಆ ಆರು ಸೆಕೆಂಡಿಗಾಗಿ ನಾನು ಎಡಿಟ್ ಮಾಡುವ ಹುಡುಗನ ಜೊತೆ ಅರ್ಧ ದಿನ ಜಗಳವಾಡಿದ್ದೇನೆ. "ಖಾಲಿ ಬಿಟ್ಟರೆ ಜನ ಮುಂದಕ್ಕೆ ಹೋಗುತ್ತಾರೆ ಅಕ್ಕ" ಅಂತ ಅವನ ಭಯ. 'ಎಣಿಸಬಹುದು' ಅಂತ ಹೇಳಿದ ಮೇಲೆ ಕೇಳಿದವರು ಎಣಿಸುತ್ತಾರೆ, ಅವರಿಗೆ ಒಂದು ಕೆಲಸ ಕೊಟ್ಟಿದ್ದೇವೆ ಅಂತ ನನ್ನ ವಾದ. ಕೊನೆಗೆ ಅವನ ಅಮ್ಮನಿಗೆ ತೋರಿಸಿದ. ಅವರು ಮೊಣಕಾಲ ಮೇಲೆ ಬೆರಳು ತಟ್ಟಿ ನಿಜಕ್ಕೂ ಎಣಿಸಿದರಂತೆ. ಆರು ಸೆಕೆಂಡು ಉಳಿಯಿತು.

ಇಲ್ಲಿ ಅಳತೆಯ ವಿಷಯ ಹೇಳಬೇಕು. ಕನ್ನಡದ ಪದಗಳು ಉದ್ದ. 'ಮನೆಯೊಳಗಿನಿಂದಲೇ' ಅನ್ನುವುದು ನಮಗೆ ಒಂದೇ ಪದ. ಹಾಗಾಗಿ ಇಂಗ್ಲಿಷಿನ ಪದಗಳ ಲೆಕ್ಕ ಇಟ್ಟುಕೊಂಡು ಬರೆದರೆ ಮಾತು ಚಿತ್ರದಿಂದ ಹೊರಗೆ ಚೆಲ್ಲುತ್ತದೆ. ನಾನು ಕೆಲಸ ಮಾಡಿದ ಕಲಾವಿದರು ಸಮಾಧಾನವಾಗಿ ಓದಿದರೆ ನಿಮಿಷಕ್ಕೆ ನೂರು ಪದದ ಆಸುಪಾಸು ಬರುತ್ತದೆ. ಮೂರು ನಿಮಿಷಕ್ಕೆ ಮುನ್ನೂರು. ಮೊದಲ ಸಲ ಆ ಮುನ್ನೂರನ್ನೂ ತುಂಬಿಸಿದ್ದೆ. ಎರಡನೇ ಸಲ ನೂರೈವತ್ತರ ಹತ್ತಿರ ನಿಲ್ಲಿಸಿದೆ. ಉಳಿದ ಅರ್ಧ ಹೊತ್ತು ಮನೆಯದೇ ಸದ್ದಿಗೆ.

ಆ ಸದ್ದನ್ನು ಬೇರೆಯಾಗಿ ರೆಕಾರ್ಡ್ ಮಾಡಬೇಕು. ಕ್ಯಾಮೆರಾದ ಮೈಕು ಹತ್ತಿರದ್ದು ದೂರದ್ದು ಎಲ್ಲವನ್ನೂ ಕಲಸಿಬಿಡುತ್ತದೆ. ಅಡಿಕೆ ಡಬ್ಬದ ಪಕ್ಕ ಎರಡು ನಿಮಿಷ, ನಾನು ಮಲಗಿದ್ದ ಕೋಣೆಯಿಂದ ಎರಡು ನಿಮಿಷ ಬೇರೆ ಬೇರೆ ರೆಕಾರ್ಡ್ ಮಾಡಿಸಿದೆ. ಕೊನೆಗೆ ಉಪಯೋಗಿಸಿದ್ದು ಕೋಣೆಯದು. ಹತ್ತಿರದ ಸದ್ದು ಸ್ಪಷ್ಟವಾಗಿತ್ತು ನಿಜ, ಆದರೆ ಅದರಲ್ಲಿ ಅಂಗಳದ ದೂರ ಇರಲಿಲ್ಲ. ಮಾತು ಬರುವಾಗ ಹಿನ್ನೆಲೆ ಸದ್ದನ್ನು ಹನ್ನೆರಡು ಡೆಸಿಬೆಲ್‌ನಷ್ಟು ಇಳಿಸಿದೆವು, ಮಾತು ನಿಂತ ಕೂಡಲೇ ಅಲ್ಲ, ಒಂದು ಸೆಕೆಂಡಿನಲ್ಲಿ ನಿಧಾನಕ್ಕೆ ಮೇಲೆ ಬರುವ ಹಾಗೆ. ಕೊಳಲನ್ನು ತೆಗೆದುಹಾಕಿದೆವು.

ಸದ್ದು ಸಿಕ್ಕಿದ ಮೇಲೆ ನನ್ನ ಬರಹದಿಂದ ಮತ್ತೆ ಕೆಲವು ಪದ ಹೋದವು. ಕನ್ನಡದಲ್ಲಿ ಸದ್ದಿನ ಪದಗಳ ದೊಡ್ಡ ಆಸ್ತಿಯೇ ಇದೆ: ಜುಳುಜುಳು, ಚಿಟಪಟ, ತೊಟತೊಟ, ಧೋ. ಬರೆಯುವವರಿಗೆ ಇವು ಕೈಗೆ ಸುಲಭವಾಗಿ ಸಿಗುತ್ತವೆ. ಆದರೆ ನೀರಿನ ಸದ್ದು ಕೇಳುತ್ತಿರುವಾಗ 'ಜುಳುಜುಳು' ಅಂದರೆ, ಊಟ ಬಡಿಸಿದ ಮೇಲೆ ಊಟ ಅಂತ ಚೀಟಿ ಅಂಟಿಸಿದ ಹಾಗೆ. ಸದ್ದು ಇಲ್ಲದ ಕಡೆ ಮಾತ್ರ ಸದ್ದಿನ ಪದ. ನನ್ನ ಪಟ್ಟಿಯಲ್ಲಿದ್ದ 'ಟಣ್' ಕೂಡ ಹೀಗೇ ಹೋಯಿತು.

ಮಾಹಿತಿ ಕೊಡಬೇಕಾದ ಕಡೆ ಏನು ಮಾಡುವುದು ಅನ್ನುವುದು ಇನ್ನೊಂದು ಗಂಟು. ಯಜಮಾನರಿಗೆ ಮನೆಯ ಹೆಂಚಿನ ಬಗ್ಗೆ ಹೆಮ್ಮೆ. ಮಂಗಳೂರು ಹೆಂಚು, ಅವರ ಮುತ್ತಜ್ಜ ಆಗುಂಬೆ ಘಾಟಿ ಹತ್ತಿಸಿ ಗಾಡಿಯಲ್ಲಿ ತರಿಸಿದ್ದಂತೆ. ಅದು ವಿಡಿಯೋದಲ್ಲಿ ಬರಲೇಬೇಕು ಅಂದರು. ನಾನೂ ಉತ್ಸಾಹದಲ್ಲಿ, ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ್ದರಿಂದ ಹಿಡಿದು ನಾಲ್ಕು ವಾಕ್ಯ ಬರೆದೆ. ಗಟ್ಟಿಯಾಗಿ ಓದಿಕೊಂಡಾಗ ಮನೆಯೊಳಗೆ ನಡೆಯುತ್ತಿದ್ದವರನ್ನು ಎಳೆದು ತರಗತಿಯಲ್ಲಿ ಕೂರಿಸಿದ ಹಾಗೆ ಆಯಿತು.

ಅಟ್ಟ ಹತ್ತಿ ನೋಡಿದೆ. ಅಟ್ಟದಲ್ಲಿ ಹೆಂಚು ತಲೆಗೆ ತಾಗುವಷ್ಟು ಹತ್ತಿರ. ಹೆಂಚಿನ ಅಡಿಭಾಗದಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿರುತ್ತದೆ, ಅಕ್ಷರ ಉಬ್ಬಿಕೊಂಡಿರುತ್ತದೆ. ಮಸಿ ಹಿಡಿದು ಕಣ್ಣಿಗೆ ಕಾಣುತ್ತಿರಲಿಲ್ಲ. ಬೆರಳು ಆಡಿಸಿದರೆ ಒಂದೊಂದೇ ಅಕ್ಷರ ಸಿಗುತ್ತಿತ್ತು. ಮಾತು ಬದಲಾಯಿತು: "ಅಟ್ಟದಲ್ಲಿ ಕೈ ಎತ್ತಿದರೆ ಹೆಂಚು ಸಿಗುತ್ತದೆ. ಅಡಿಯಲ್ಲಿ ಮಂಗಳೂರಿನ ಹೆಸರಿದೆ. ಮಸಿಯಲ್ಲಿ ಕಾಣುವುದಿಲ್ಲ, ಬೆರಳಿಗೆ ಗೊತ್ತಾಗುತ್ತದೆ. ಘಾಟಿ ಹತ್ತಿ ಎತ್ತಿನ ಗಾಡಿಯಲ್ಲಿ ಬಂದದ್ದು." ಇಸವಿ ಇಲ್ಲದಿದ್ದರೂ ಯಜಮಾನರಿಗೆ ಬೇಕಾಗಿದ್ದು ಬಂತು.

ಹಲಸಿನ ಕಂಬದ ಮಾತನ್ನು ಕೊಟ್ಟವರು ಅಮ್ಮನೇ. ಕಂಬದ ನುಣುಪು ನೋಡಿ ಪಾಲಿಶ್ ಇರಬೇಕು ಅಂದುಕೊಂಡಿದ್ದೆ. ಅವರು ಕಂಬದ ಹತ್ತಿರ ಬಂದು ಕೈಯಿಟ್ಟರು. "ಇಲ್ಲಿ ಮುಟ್ಟಿ ನೋಡು ತಂಗಿ. ಆಮೇಲೆ ಮೇಲೆ ಮುಟ್ಟು." ಎದೆಮಟ್ಟದಲ್ಲಿ ಗಾಜಿನ ಹಾಗೆ ಜಾರುತ್ತಿತ್ತು. ಕೈ ಎಟುಕುವಷ್ಟು ಮೇಲೆ ಮುಟ್ಟಿದರೆ ಉಳಿಯ ಗುರುತು ಇನ್ನೂ ಹಾಗೇ ಒರಟಾಗಿತ್ತು. "ಮಾವನವರು ಇಲ್ಲಿಯೇ ಒರಗಿ ನಿಂತು ಮಳೆ ನೋಡುತ್ತಿದ್ದರು. ಆಮೇಲೆ ಇವರು. ಈಗ ಇವನು" ಅಂತ ಮಗನ ಕಡೆ ಕೈ ತೋರಿಸಿದರು. ಅವರ ಮಾತನ್ನೇ ಸ್ವಲ್ಪ ಚಿಕ್ಕದು ಮಾಡಿ ಹಾಕಿದೆ: "ಇದು ಹಲಸಿನ ಕಂಬ. ಮೇಲೆ ಉಳಿಯ ಗುರುತು ಇನ್ನೂ ಒರಟು. ಎದೆಮಟ್ಟದಲ್ಲಿ ಮಾತ್ರ ನುಣುಪು. ಮೂರು ತಲೆಮಾರು ಇಲ್ಲಿ ಒರಗಿ ಮಳೆ ನೋಡಿದೆ." 'ನೂರು ವರ್ಷಗಳ ಇತಿಹಾಸವುಳ್ಳ' ಅನ್ನುವುದು ಹೇಳಬೇಕಾಗಿದ್ದನ್ನು ಈ ಕಂಬ ಹೇಳಿತು.

ಊಟದ ಭಾಗ ನನಗೆ ಇನ್ನೂ ಪೂರ್ತಿ ತೃಪ್ತಿ ಕೊಟ್ಟಿಲ್ಲ. ರುಚಿ ಹೇಳುವುದು ಬಹಳ ಕಷ್ಟ. ಹುಳಿ, ಖಾರ ಅಂದರೆ ಎಲ್ಲ ಊಟವೂ ಹಾಗೇ. ಅಪ್ಪೆಮಿಡಿ ಉಪ್ಪಿನಕಾಯಿಗೆ ಮಾತ್ರ ಒಂದು ದಾರಿ ಸಿಕ್ಕಿತು, ಅದೂ ರುಚಿಯ ದಾರಿಯಲ್ಲ: "ಒಳಗೆ ಭರಣಿಯ ಬಟ್ಟೆ ಬಿಚ್ಚಿದರೆ ಜಗಲಿಯಲ್ಲಿ ಕೂತವರಿಗೆ ಗೊತ್ತಾಗುತ್ತದೆ." ತಂಬುಳಿಗೆ ಏನೂ ಹೊಳೆಯಲಿಲ್ಲ. ಕಲ್ಲಿನಲ್ಲಿ ಒಂದೆಲಗ ಅರೆಯುವ ಸದ್ದು ಬಿಟ್ಟು ಸುಮ್ಮನಾದೆ.

ಇಂಥ ಬರವಣಿಗೆಗೆ ಒಂದು ಅಪಾಯ ಇದೆ. 'ಸುಂದರ' ಅನ್ನುವುದನ್ನು ಯಾರೂ ನಂಬುವುದಿಲ್ಲ, ಹಾಗಾಗಿ ಅದರಿಂದ ಯಾರಿಗೂ ಮೋಸವೂ ಆಗುವುದಿಲ್ಲ. 'ಕೂದಲಲ್ಲಿ ಹೊಗೆ ವಾಸನೆ' ಅಂದರೆ ನಂಬುತ್ತಾರೆ. ನಂಬುವ ಮಾತು ಸುಳ್ಳಾದರೆ ಪೆಟ್ಟು ದೊಡ್ಡದು. ಇದು ನನಗೆ ಗೊತ್ತಾದದ್ದು ಹಿಂದೊಮ್ಮೆ ನಗರದ ಹೊರಗಿನ ಒಂದು ಲೇಔಟ್‌ನ ಸೈಟು ಮಾರಾಟದ ವಿಡಿಯೋಗೆ ಬರೆದಾಗ. ಕಳಿಸಿದ ತುಣುಕಿನಲ್ಲಿ ನವಿಲು ಕೂಗುತ್ತಿತ್ತು. "ಬೆಳಗ್ಗೆ ಅಲಾರಂಗಿಂತ ಮೊದಲು ನವಿಲು ಕೂಗುತ್ತದೆ" ಅಂತ ಬರೆದೆ. ಎಲ್ಲರಿಗೂ ಇಷ್ಟವಾಯಿತು. ಸೈಟು ಕೊಂಡ ಒಬ್ಬರು ಆಮೇಲೆ ನನ್ನ ಹೆಸರು ಹುಡುಕಿ ಫೋನ್ ಮಾಡಿದರು. "ಅಲ್ಲಿ ಜಲ್ಲಿ ಕ್ರಶರ್ ಸದ್ದು ಕೇಳುತ್ತದೆ ಮೇಡಂ, ನವಿಲು ಎಲ್ಲಿದೆ?" ವಿಚಾರಿಸಿದರೆ ನವಿಲಿನ ಕೂಗನ್ನು ಇಂಟರ್ನೆಟ್ಟಿನಿಂದ ತಂದು ಹಾಕಿದ್ದರು. ನಾನು ಆ ಜಾಗಕ್ಕೆ ಹೋಗಿರಲಿಲ್ಲ. ಅವರಿಗೆ ನಾನು ಕೊಡಬಹುದಾದ ಉತ್ತರ ಏನೂ ಇರಲಿಲ್ಲ. ಕ್ಷಮೆ ಕೇಳಿದೆ. ಆ ದನಿ ಇವತ್ತಿಗೂ ನೆನಪಿದೆ.

ಅಂದಿನಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಸದ್ದು, ವಾಸನೆಯ ಪಕ್ಕ ತಾರೀಖು, ಗಂಟೆ, ನಿಂತ ಜಾಗ ಬರೆಯುತ್ತೇನೆ. ಆಮೇಲೆ ಮನೆಯವರನ್ನು ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇರುತ್ತದೆ?

ಈ ಮನೆಯಲ್ಲೂ ಆ ಪ್ರಶ್ನೆ ಕೆಲಸಕ್ಕೆ ಬಂತು. ಮಲಗುವ ಕೋಣೆಯಿಂದ ಹಿಂದಿನ ಹಳ್ಳದ ಸದ್ದು ಸಣ್ಣಗೆ ಕೇಳುತ್ತಿತ್ತು. ಒಂದು ಒಳ್ಳೆಯ ಸಾಲು ಬರೆದಿದ್ದೆ. "ಸಂಕ್ರಾಂತಿ ದಾಟಿದರೆ ಕೇಳುವುದಿಲ್ಲ ಮೇಡಂ. ಹೋಳಿ ಹೊತ್ತಿಗೆ ನೀರೇ ಇರುವುದಿಲ್ಲ" ಅಂದರು ಯಜಮಾನರು. ಅತಿಥಿಗಳು ಜಾಸ್ತಿ ಬರುವುದು ಏಪ್ರಿಲ್, ಮೇ ರಜೆಯಲ್ಲಿ. ಸಾಲನ್ನು ತೆಗೆದೆ. ಅಡಿಕೆ ಸುಲಿಯುವ ಸಾಲಿಗೆ 'ಕೊನೆಕೊಯ್ಲಿನ ದಿನಗಳಲ್ಲಿ' ಅಂತ ಸೇರಿಸಿ, ಪರದೆಯ ಮೇಲೆ ತಿಂಗಳ ಹೆಸರು ಹಾಕಿಸಿದೆ.

ಮಳೆಯ ವಿಷಯ ಉಳಿದುಹೋಯಿತು. ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳೂವರೆ ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಆ ಕಡೆಯ ಮನೆಯನ್ನು ಮಳೆ ಬಿಟ್ಟು ತೋರಿಸಿದರೆ ಅರ್ಧ ಮನೆ ತೋರಿಸಿದ ಹಾಗೆ. ಯಜಮಾನರ ಹತ್ತಿರ ಫೋನಲ್ಲಿ ತೆಗೆದ ಮಳೆಯ ವಿಡಿಯೋ ಇತ್ತು, ಸದ್ದೆಲ್ಲ ಒಡೆದುಹೋಗಿತ್ತು. ಇಂಟರ್ನೆಟ್ಟಿನ ಮಳೆ ನನಗೆ ಬೇಡ. ಹಾಗಾಗಿ ಜುಲೈನಲ್ಲಿ ಮತ್ತೆ ಹೋಗಿ ನಲವತ್ತು ಸೆಕೆಂಡಿನ ಬೇರೆಯೇ ತುಣುಕು ಮಾಡಿದೆವು.

ಆಗ ಒಂದು ವಿಷಯ ಗಮನಕ್ಕೆ ಬಂತು. ಮನೆಗೆ ಹೆಂಚು, ಬಚ್ಚಲಿಗೆ ಹೋಗುವ ದಾರಿಗೆ ತಗಡಿನ ಶೀಟು. ಹೆಂಚಿನ ಕೆಳಗೆ ಮಳೆಯ ಸದ್ದು ದಪ್ಪ, ಮಾತಾಡಿದರೆ ಕೇಳುತ್ತದೆ. ಮೂರು ಹೆಜ್ಜೆ ಇಟ್ಟು ಶೀಟಿನ ಕೆಳಗೆ ಬಂದರೆ ಪಕ್ಕದವರ ಮಾತು ಪೂರ್ತಿ ಮುಚ್ಚಿಹೋಗುತ್ತದೆ. ಆ ಮೂರು ಹೆಜ್ಜೆಯನ್ನು ಕತ್ತರಿಸದೆ ಒಂದೇ ಸಲಕ್ಕೆ ಚಿತ್ರ ತೆಗೆದೆವು. ದನಿ ಶೀಟಿನ ಕೆಳಗೆ ಬಂದಾಗ ನಿಲ್ಲುತ್ತದೆ. ಅಲ್ಲಿ ಬರೆದ ಕೊನೆಯ ಸಾಲು: "ಇಲ್ಲಿಂದ ಮುಂದೆ ಕೂಗಿ ಮಾತಾಡಬೇಕು."

ಅದೇ ತುಣುಕಿನಲ್ಲಿ ರಕ್ತ ಹೀರುವ ಉಂಬಳದ ಮಾತೂ ಇದೆ: "ತೋಟಕ್ಕೆ ಇಳಿದರೆ ಕಾಲಿಗೆ ಉಂಬಳ ಹತ್ತುತ್ತದೆ. ಜಗಲಿಯಲ್ಲಿ ಉಪ್ಪಿನ ಬಟ್ಟಲು ಇಟ್ಟಿದೆ." ಯಜಮಾನರು ಇದಕ್ಕೆ ಒಪ್ಪಲು ಒಂದು ವಾರ ತೆಗೆದುಕೊಂಡರು. ಜನ ಹೆದರುತ್ತಾರೆ ಅಂತ. ಅಮ್ಮನೇ ಮುಗಿಸಿದರು: "ಉಂಬಳ ಇಲ್ಲದ ಆಷಾಢ ಯಾವ ಊರಲ್ಲಿ ಇದೆಯೋ ಮಾರಾಯ? ಹೇಳಿಬಿಡು."

ದನಿ ಕಲಾವಿದರನ್ನೂ ಬದಲಾಯಿಸಬೇಕಾಗಲಿಲ್ಲ, ಓದುವ ರೀತಿ ಮಾತ್ರ ಬದಲಾಯಿತು. ಮೊದಲ ಸಲ ಅವರು ಮದುವೆ ಮಂಟಪದಲ್ಲಿ ಸ್ವಾಗತ ಕೋರುವ ಹಾಗೆ ಓದಿದ್ದರು. ತಪ್ಪು ಅವರದ್ದಲ್ಲ, ನನ್ನ ಪದಗಳೇ ಹಾಗಿದ್ದವು. ಈ ಸಲ ಮೈಕಿನ ಪಕ್ಕ ನಾನು ನಿಂತೆ. ನನ್ನ ಜೊತೆ ನಡೆಯುತ್ತಾ ಮನೆ ತೋರಿಸಿ ಅಂತ ಕೇಳಿದೆ. "ಬಾಗಿಲು ಗಿಡ್ಡ, ತಲೆ ಬಗ್ಗಿಸಿ" ಅನ್ನುವ ಸಾಲನ್ನು ಅವರು ನಿಜವಾಗಿ ನನ್ನ ತಲೆ ಕಡೆ ನೋಡಿ ಹೇಳಿದರು. ವಿಡಿಯೋ ಶುರುವಾಗುವುದೇ ಆ ಸಾಲಿನಿಂದ.

ವಿಡಿಯೋ ಹಾಕಿದ ಮೇಲೆ ಬುಕಿಂಗ್ ಎಷ್ಟು ಹೆಚ್ಚಿತು ಅಂತ ನಾನು ಲೆಕ್ಕ ಕೇಳಿಲ್ಲ. ಫೋನಿನಲ್ಲಿ ಬರುವ ಪ್ರಶ್ನೆ ಬದಲಾಗಿದೆ ಅಂತ ಯಜಮಾನರು ಹೇಳಿದರು. ಮೊದಲು "ಏಸಿ ಇದೆಯಾ, ಸ್ವಿಮ್ಮಿಂಗ್ ಪೂಲ್ ಇದೆಯಾ" ಅಂತ ಕೇಳುತ್ತಿದ್ದರು. ಈಗ "ಸುಲಿಯುವವರ ಜೊತೆ ಕೂತುಕೊಳ್ಳಬಹುದಾ", "ಮಗುವಿಗೆ ಉಬ್ಬಸ ಇದೆ, ಹೊಗೆ ಇಲ್ಲದ ಬಚ್ಚಲು ಇದೆಯಾ" ಅಂತ ಕೇಳುತ್ತಾರಂತೆ.

ಆ ಉಬ್ಬಸದ ಪ್ರಶ್ನೆ ಎರಡು ಮೂರು ಸಲ ಬಂದ ಮೇಲೆ ಅವರು ಎರಡು ಕೋಣೆಗಳಿಗೆ ಗೀಸರ್ ಹಾಕಿಸಿದರು. ನನಗೆ ಫೋನ್ ಮಾಡಿ, ವಿಡಿಯೋದ ಬಚ್ಚಲಿನ ಮಾತು ಈಗ ಸುಳ್ಳಾಯಿತಾ ಅಂತ ಕೇಳಿದರು. ಹಂಡೆ ಒಲೆ ತೆಗೆದಿದ್ದೀರಾ ಅಂತ ಕೇಳಿದೆ. ಇಲ್ಲ, ಕೇಳಿದವರಿಗೆ ಮಾತ್ರ ಹಚ್ಚುತ್ತೇವೆ ಅಂದರು. ಕಲಾವಿದರನ್ನು ಮತ್ತೆ ಕರೆಸಿ ಒಂದೇ ಒಂದು ಸಾಲು ಸೇರಿಸಿದೆವು. ಈಗ ಬಚ್ಚಲಿನ ಚಿತ್ರ ಬರುವ ಮೊದಲು, ಕತ್ತಲಲ್ಲಿ ಕಡ್ಡಿ ಗೀರುವ ಸದ್ದಿನ ಮೇಲೆ ಅದು ಬರುತ್ತದೆ: "ಹಂಡೆ ನೀರು ಬೇಕಿದ್ದರೆ ರಾತ್ರಿಯೇ ಹೇಳಿ. ಐದು ಗಂಟೆಗೆ ಒಲೆ ಹಚ್ಚಬೇಕು."